ಪ್ಯಾಕೆಟ್ ಮೇಲಿನ ತಾರೀಖೇ ತಪ್ಪಿದ್ದರೆ ಅಂಗಡಿಯವರು ಏನು ಮಾಡಬೇಕು?

ಕಲಬುರಗಿ ಗಂಜ್‌ನಿಂದ ಆಳಂದದ ಕಿರಾಣಿ ಅಂಗಡಿಗೆ ಒಂದು ಕೆ.ಜಿ.ಯ 50 ಪ್ಯಾಕೆಟ್ ತೊಗರಿಬೇಳೆ ಬಂದಿದೆ ಅಂದುಕೊಳ್ಳಿ. ಪ್ಯಾಕ್ ಮಾಡಿದ್ದು 14/05/2025, ಬಳಸಲು ಕೊನೆಯ ದಿನ 13/11/2024. ಪ್ಯಾಕ್ ಆಗೋ ಮೊದಲೇ ಅವಧಿ ಮುಗಿದಿದೆ! ತಾರೀಖಿನ ಅಚ್ಚಿನಲ್ಲಿ ಒಂದು ಸಾಲು ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಹೀಗಾಗುತ್ತದೆ. ಬೇಳೆ ಚೆನ್ನಾಗಿಯೇ ಇರಬಹುದು, ಆದರೆ ಮಾರಬೇಡಿ. ಅವಧಿ ಮುಗಿದ ಮಾಲು ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಮಾರಿದವರೇ ಹೊಣೆ, ಮಿಲ್‌ನವರ ತಪ್ಪು ಅಂತ ಹೇಳಿ ಸುಲಭವಾಗಿ ಪಾರಾಗೋಕೆ ಆಗಲ್ಲ.

ಮೊದಲು ಅಷ್ಟೂ ಪ್ಯಾಕೆಟ್ ಕಪಾಟಿನಿಂದ ತೆಗೆದು ಬೇರೆ ಇಡಿ, ಮೇಲೆ 'ಮಾರಾಟಕ್ಕಿಲ್ಲ' ಅಂತ ಬರೆದ ಚೀಟಿ ಇರಲಿ. ಥಿನ್ನರ್ ಹಚ್ಚಿ ಅಂಕಿ ಅಳಿಸೋದು, ಮೇಲೆ ಸ್ಟಿಕ್ಕರ್ ಅಂಟಿಸೋದು ಬೇಡವೇ ಬೇಡ. ಹಾಗೆ ಮಾಡಿದರೆ ಮಿಲ್‌ನವರ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಆಮೇಲೆ ಫೋಟೊ. ತಾರೀಖು ಮತ್ತು ಬ್ಯಾಚ್ ನಂಬರ್ ಒಂದೇ ಚೌಕಟ್ಟಿನಲ್ಲಿ ಬರಬೇಕು, ಇದೇ ಮುಖ್ಯ. ಬ್ಯಾಚ್ ಕಾಣದ ಫೋಟೊ ಕಳಿಸಿದರೆ 'ಇದು ನಮ್ಮ ಮಾಲಲ್ಲ' ಅಂದುಬಿಡಬಹುದು. ಚೀಲದ ಮೇಲಿನ ಬರಹ, ಬಿಲ್ ಕೂಡ ತೆಗೆದಿಡಿ. ನಂತರ ಹೋಲ್‌ಸೇಲ್‌ನವರಿಗೂ, ಪ್ಯಾಕೆಟ್ ಮೇಲಿರುವ ಮಿಲ್ ವಿಳಾಸಕ್ಕೂ ಒಂದೇ ಸಂದೇಶ ಕಳಿಸಿ:

'ಸಾರ್, ಈ ಬಿಲ್‌ನಲ್ಲಿ ಬಂದ ತೊಗರಿಬೇಳೆಯ ಇಡೀ ಬ್ಯಾಚ್, 50 ಪ್ಯಾಕೆಟ್, ಅವಧಿ ತಾರೀಖು ತಪ್ಪಾಗಿದೆ. ಮಾರಾಟ ನಿಲ್ಲಿಸಿದ್ದೇನೆ. ಮಾಲು ಬದಲಿಸಿಕೊಡಿ, ಇಲ್ಲವೇ ವಾಪಸ್ ಒಯ್ದು ಕ್ರೆಡಿಟ್ ನೋಟ್ ಕೊಡಿ.'

ಈಗ ಅವರು 'ಸ್ಟಿಕ್ಕರ್ ಕಳಿಸ್ತೀವಿ, ನೀವೇ ಅಂಟಿಸಿ' ಅನ್ನಬಹುದು. ಒಪ್ಪಬೇಡಿ. ಲೇಬಲ್ ಬದಲಿಸೋದಾದರೆ ಮಿಲ್‌ನವರೇ ಮಾಲು ಒಯ್ದು, ತಮ್ಮಲ್ಲೇ, ಪ್ಯಾಕಿಂಗ್ ದಾಖಲೆ ನೋಡಿ ಮಾಡಬೇಕು. ಬ್ಯಾಚ್, ಸರಿಯಾದ ತಾರೀಖು, ಎಷ್ಟು ಪ್ಯಾಕೆಟ್ ಅಂತ ಲೆಟರ್‌ಹೆಡ್ ಮೇಲೆ ಬರೆದು ಕೊಡಬೇಕು.

ಇನ್ನೊಂದು ತರಹದ ತಪ್ಪೂ ಇದೆ. ಪ್ಯಾಕೆಟ್‌ನಲ್ಲಿ ನವೆಂಬರ್, ಚೀಲದ ಮೇಲೆ ಆಗಸ್ಟ್, ಎರಡೂ ನಂಬುವಂತಿವೆ. ಯಾವುದು ಸರಿ ಅಂತ ನೋಡಿದರೆ ಗೊತ್ತಾಗಲ್ಲ, ಹಳೇ ಮಾಲನ್ನು ಮತ್ತೆ ಪ್ಯಾಕ್ ಮಾಡಿರಲೂಬಹುದು, ಅಲ್ವಾ? ಇಂಥದ್ದಕ್ಕೆ ಹೊಸ ಲೇಬಲ್ ಸಾಲದು, ಬದಲಿ ಮಾಲನ್ನೇ ಕೇಳಿ.

ಉತ್ತರ ಬರದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಅದೇ ಫೋಟೊ, ಬಿಲ್ ಜೊತೆ ಲಿಖಿತ ದೂರು ಕೊಡಿ. Food Safety Connect ಆ್ಯಪ್‌ನಲ್ಲೂ ಹಾಕಬಹುದು. ಲೇಬಲ್ ತಪ್ಪಿರುವ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ಇದೆ, ಈ ಮಾತು ಕೇಳಿದ ಮೇಲೆ ಎಷ್ಟೋ ಜನ ಫೋನ್ ಎತ್ತುತ್ತಾರೆ. ಮನೆಗೆ ಒಯ್ದ ಗ್ರಾಹಕರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾಲು ವಾಪಸ್ ಕೊಡೋವಾಗ ಸಾಕ್ಷಿಗೆ ಎರಡು ಪ್ಯಾಕೆಟ್ ಇಟ್ಟುಕೊಂಡು, 48 ಪ್ಯಾಕೆಟ್ ತಲುಪಿತು ಅಂತ ಬ್ಯಾಚ್ ನಂಬರ್ ಸಮೇತ ಸಹಿ ಹಾಕಿಸಿಕೊಳ್ಳಿ.