ಮುಕ್ಕಾಲು ಅವರದು, ಕಾಲು ನನ್ನದು

ಮದುವೆಯಾಗಿ ಆರು ವರ್ಷ ನಮ್ಮ ಮನೆ ಲೆಕ್ಕ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ದೊಡ್ಡ ಖರ್ಚು ಅವರದು, ಸಣ್ಣ ಖರ್ಚು ನನ್ನದು. ಮನೆ ಸಾಲದ ಕಂತು, ವಿಮೆ, ಕರೆಂಟು ಬಿಲ್ಲು ನಮ್ಮವರು ಕಟ್ಟುತ್ತಿದ್ದರು. ದಿನಸಿ, ಔಷಧಿ, ಮಗಳ ಬಟ್ಟೆಬರೆ, ದಿನಾ ಬಂದು ಹೋಗುವ ಚಿಲ್ಲರೆ ಖರ್ಚುಗಳೆಲ್ಲ ನನ್ನ ಪಾಲು. ಅವರ ಸಂಬಳ ನನ್ನದರ ಮೂರು ಪಟ್ಟು. ಹಾಗಾಗಿ ಈ ಹಂಚಿಕೆ ನನಗೂ ಸರಿಯಾಗೇ ಕಾಣುತ್ತಿತ್ತು.

ಆದರೆ ತಿಂಗಳ ಕೊನೆಯ ವಾರ ನನ್ನ ಖಾತೆ ಬರಿದಾಗುತ್ತಿತ್ತು. ಪ್ರತಿ ತಿಂಗಳೂ. ನನ್ನ ಕೈಯೇ ದುಂದು ಅಂತ ನಾನು ಅಂದುಕೊಂಡಿದ್ದೆ. ಒಂದು ಸಲ ಅವರನ್ನೇ ಕೇಳಿ ಸ್ವಲ್ಪ ದುಡ್ಡು ಇಸ್ಕೊಂಡೆ. "ಅಷ್ಟೊಂದು ಎಲ್ಲಿ ಖರ್ಚಾಯ್ತು?" ಅಂದರು. ಬೈಯ್ಯಲಿಲ್ಲ, ಸುಮ್ನೆ ಕೇಳಿದರು. ಆದರೂ ಆ ಪ್ರಶ್ನೆ ಮನಸ್ಸಲ್ಲೇ ಉಳಿಯಿತು. ಹೌದಲ್ವಾ, ಎಲ್ಲಿ ಖರ್ಚಾಯ್ತು?

ಮುಂದಿನ ಮೂರು ತಿಂಗಳು ಒಂದು ಕೆಲಸ ಮಾಡಿದೆ. ಸಂಬಳ ಬರುವ ಹಿಂದಿನ ದಿನ ಇಬ್ಬರ ಖಾತೆಯಲ್ಲಿ ಎಷ್ಟಿದೆ ಅಂತ ಬರೆದಿಟ್ಟೆ. ಅವರಿಗೆ ಹೇಳಿಯೇ ಮಾಡಿದೆ, ಕದ್ದು ನೋಡಲಿಲ್ಲ. ಯಾರು ಎಷ್ಟು ಕೊಟ್ಟರು ಅನ್ನೋದಕ್ಕಿಂತ ತಿಂಗಳ ಕೊನೆಗೆ ಯಾರ ಹತ್ತಿರ ಎಷ್ಟು ಉಳಿಯಿತು ಅನ್ನೋದು ಜಾಸ್ತಿ ಹೇಳುತ್ತದೆ. ಮೂರೂ ತಿಂಗಳು ನನ್ನ ಖಾತೆ ತಳ ಮುಟ್ಟಿತ್ತು. ಅವರದು ಒಂದೊಂದು ಮೆಟ್ಟಿಲು ಮೇಲೇರಿತ್ತು.

ನಿಜವಾದ ಸಂಬಳ ಇಲ್ಲಿ ಬರೆಯುವುದಿಲ್ಲ. ಲೆಕ್ಕ ಸುಲಭವಾಗಲಿ ಅಂತ ಅವರದು 72, ನನ್ನದು 24 ಎಂದಿಟ್ಟುಕೊಳ್ಳಿ. ಅವರು ಕೊಡುತ್ತಿದ್ದದ್ದು 36. ನಾನು ಕೊಡುತ್ತಿದ್ದದ್ದು 20. ನೋಡೋಕೆ ಅವರದೇ ಜಾಸ್ತಿ. ಆದರೆ ಅವರು ಸಂಬಳದ ಅರ್ಧ ಕೊಟ್ಟು 36 ಉಳಿಸಿಕೊಳ್ಳುತ್ತಿದ್ದರು. ನಾನು ಆರರಲ್ಲಿ ಐದು ಪಾಲು ಕೊಟ್ಟು 4 ಉಳಿಸಿಕೊಳ್ಳುತ್ತಿದ್ದೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಅವರ 36ರಲ್ಲಿ 20 ಮನೆ ಸಾಲದ ಕಂತು. ಸಾಲದ ಪಟ್ಟಿ ತೆಗೆದು ನೋಡಿದರೆ, ಆಗ ಆ 20ರಲ್ಲಿ 12 ಬಡ್ಡಿಗೆ ಹೋಗುತ್ತಿತ್ತು, 8 ಅಸಲಿಗೆ. ಬಡ್ಡಿ ಅನ್ನೋದು ಬಾಡಿಗೆ ಇದ್ದ ಹಾಗೆ, ಹೋದರೆ ಹೋಯಿತು. ಅಸಲು ಹಾಗಲ್ಲ. ಅದು ಪ್ರತಿ ತಿಂಗಳೂ ಮನೆಯಾಗಿ ನಿಲ್ಲುತ್ತದೆ. ಮನೆ ಇರುವುದು ಅವರೊಬ್ಬರ ಹೆಸರಿನಲ್ಲಿ. ಅಂದರೆ ಅವರ ಪಾಲಿನ ಖರ್ಚಿನಲ್ಲಿ ಒಂದು ಭಾಗ ಆಸ್ತಿಯಾಗುತ್ತಿತ್ತು. ನನ್ನ ಪಾಲಿನದು ಪೂರ್ತಿ ಆ ವಾರವೇ ಕರಗಿಹೋಗುತ್ತಿತ್ತು. ಆರು ವರ್ಷದ ಕೊನೆಗೆ ಅವರ ಹತ್ತಿರ ಮನೆಯ ಒಂದು ಪಾಲು, ನನ್ನ ಹತ್ತಿರ ಡಬ್ಬಿ ತುಂಬ ಚೀಟಿ.

ಅವರ ಮುಂದೆ ಕಾಗದ ಇಟ್ಟಾಗ ಮೊದಲು ಬಂದ ಮಾತು, "ನಾನು 36 ಕೊಡ್ತೀನಿ, ನೀನು 20. ಇದರಲ್ಲಿ ಅನ್ಯಾಯ ಎಲ್ಲಿದೆ?"

"ಕೊಟ್ಟಿದ್ದು ಬಿಡಿ, ಉಳಿದಿದ್ದು ನೋಡಿ" ಅಂದೆ.

ಅವತ್ತು ಮಾತು ಅಲ್ಲಿಗೇ ನಿಂತಿತು. ಎರಡು ವಾರದ ಮೇಲೆ ಅವರೇ ಆ ಕಾಗದ ಕೇಳಿ ಇಸ್ಕೊಂಡರು.

ಮೊದಲ ಹೆಜ್ಜೆಯಾಗಿ ಇಬ್ಬರ ಹೆಸರಲ್ಲಿ ಒಂದು ಮೂರನೇ ಖಾತೆ ತೆರೆದೆವು. ಮನೆ ಖರ್ಚೆಲ್ಲ ಅಲ್ಲಿಂದಲೇ. ಬಡ್ಡಿ ಸೇರಿಸಿ, ಅಸಲು ಬಿಟ್ಟು, ತಿಂಗಳಿಗೆ 48 ಬೇಕಿತ್ತು. ಸಂಬಳ ಮೂರಕ್ಕೆ ಒಂದು. ಹಾಗಾಗಿ ಅವರು 36, ನಾನು 12. ಸಂಬಳ ಬಂದ ಮರುದಿನವೇ ಇಬ್ಬರ ಖಾತೆಯಿಂದಲೂ ತಾನಾಗಿ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಟ್ಟೆವು. ಕೈಯಿಂದ ಹಾಕೋಣ ಅಂದರೆ ಯಾರೋ ಒಬ್ಬರು ನೆನಪಿಸಬೇಕಾಗುತ್ತದೆ, ನೆನಪಿಸುವವರು ಕೇಳುವವರಾಗುತ್ತಾರೆ. ಎರಡೂ ಕಡೆಯ ಹಿರಿಯರಿಗೆ ಕೊಡುವುದನ್ನೂ ಈ 48ಕ್ಕೇ ಸೇರಿಸಿದೆವು.

ಅನುಪಾತ ಲೆಕ್ಕ ಹಾಕುವಾಗ ಯಾವ ಸಂಬಳ ಹಿಡಿಯಬೇಕು ಅನ್ನೋದೇ ಒಂದು ಜಗಳ. ಕೈಗೆ ಬಂದದ್ದನ್ನು ಹಿಡಿಯೋಣ ಅಂತ ಅವರು ಅಂದರು. ಸರಿ ಅಂದೆ. ಆಮೇಲೆ ಅವರ ಸಂಬಳದ ಚೀಟಿ ನೋಡಿದರೆ ನಿವೃತ್ತಿಗೆ ಅಂತ ಎರಡು ಕಡಿತ. ಒಂದು ಕಡ್ಡಾಯ, ಇನ್ನೊಂದು ಅವರೇ ಬೇಕು ಅಂತ ಹಾಕಿಸಿಕೊಂಡಿದ್ದು. ಬೇಕು ಅಂತ ಹಾಕಿಸಿಕೊಂಡದ್ದು ಅವರ ಉಳಿತಾಯ ತಾನೇ? ಅದನ್ನು ಕಳೆದು ಸಂಬಳ ತೋರಿಸಿದರೆ ಅವರ ಪಾಲು ಕಡಿಮೆಯಾಗಿ ನನ್ನದು ಏರುತ್ತದೆ. ಹಾಗಾಗಿ ತೆರಿಗೆ ಮತ್ತು ಕಡ್ಡಾಯದ ಕಡಿತ ಕಳೆದೆವು, ಸ್ವಂತ ಇಷ್ಟದ್ದನ್ನು ವಾಪಸ್ ಸೇರಿಸಿದೆವು. 72 ಬಂದದ್ದು ಹಾಗೆ. ಇದರಲ್ಲಿ ಅವರು ಮೋಸ ಮಾಡಿದರು ಅಂತಲ್ಲ. ಅವರಿಗೇ ಅದು ಹೊಳೆದಿರಲಿಲ್ಲ.

ಆರು ತಿಂಗಳು ಹೀಗೆ ನಡೆಯಿತು. ನನಗೆ ಉಸಿರಾಡೋಕೆ ಜಾಗ ಸಿಕ್ಕಿತು. ಆದರೆ ಕಾಗದದಲ್ಲಿ ಈಗ ಅವರಿಗೆ 36 ಉಳಿಯುತ್ತಿತ್ತು, ನನಗೆ 12. ಸಂಬಳದ ಪ್ರಕಾರ ಹಂಚುವುದು ಎಲ್ಲರೂ ಒಪ್ಪುವ ದಾರಿ. ಆದರೆ ಸಂಬಳದಲ್ಲಿ ಇರುವ ಅಂತರ ಉಳಿಕೆಯಲ್ಲೂ ಹಾಗೇ ನಿಲ್ಲುತ್ತದೆ. ಮೂರು ಪಟ್ಟು ಇದ್ದದ್ದು ಮೂರು ಪಟ್ಟೇ.

ಹಾಗಾದರೆ ಉಳಿಕೆಯನ್ನು ಸಮ ಮಾಡಿದರೆ? ಲೆಕ್ಕ ಹಾಕಿ ನೋಡಿದೆ. ಇಬ್ಬರದೂ ಸೇರಿ 96. ಖರ್ಚು 48 ಹೋದರೆ 48. ತಲಾ 24. ನನ್ನ ಸಂಬಳವೇ 24! ಅಂದರೆ ಮನೆಗೆ ನಾನು ಒಂದು ಪೈಸೆಯನ್ನೂ ಕೊಡುವ ಹಾಗಿಲ್ಲ. ನನಗದು ಒಗ್ಗಲಿಲ್ಲ. ನನ್ನ ದುಡಿಮೆಯೂ ಈ ಮನೆಗೆ ಸೇರಬೇಕು ಅನ್ನೋದು ನನ್ನ ಹಟ. ಇದಕ್ಕೆ ತರ್ಕ ಕೇಳಬೇಡಿ.

ಇಲ್ಲಿ ಒಂದು ವಿಷಯ ಹೇಳಬೇಕು. ಮಗಳು ಹುಟ್ಟುವ ಮೊದಲು ನನ್ನ ಸಂಬಳ ಇಷ್ಟು ಕಡಿಮೆ ಇರಲಿಲ್ಲ. ಒಬ್ಬರು ಅರ್ಧ ದಿನದ ಕೆಲಸಕ್ಕೆ ಇಳಿಯೋಣ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ದು. ಇಳಿದದ್ದು ನಾನು. ತೀರ್ಮಾನ ಇಬ್ಬರದು, ನಷ್ಟ ಒಬ್ಬರ ಖಾತೆಗೆ. ಅದರಲ್ಲೂ ದಿನದ ಖರ್ಚಿಗಿಂತ ಉಳಿತಾಯಕ್ಕೇ ಹೊಡೆತ ಜಾಸ್ತಿ, ಯಾಕೆಂದರೆ ಅರ್ಧ ಸಂಬಳಕ್ಕೆ ನಿವೃತ್ತಿಯ ದುಡ್ಡೂ ಅರ್ಧವೇ ಸೇರುತ್ತದೆ. ಹಾಗಾಗಿ ಮನೆ ಖರ್ಚನ್ನು ಸಂಬಳದ ಪ್ರಕಾರವೇ ಇಟ್ಟು, ಸಮ ಮಾಡುವುದನ್ನು ಉಳಿತಾಯದಲ್ಲಿ ಮಾಡೋಣ ಅಂದೆ.

ಎರಡನೇ ಹೆಜ್ಜೆ ಹೀಗೆ ಬಂತು. ಉಳಿಕೆಯಲ್ಲಿ ಮೊದಲು ಇಬ್ಬರಿಗೂ 8 ಕೈಖರ್ಚು. ಇದು ಇಬ್ಬರಿಗೂ ಒಂದೇ. ಇದಕ್ಕೆ ಯಾರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಆಗ ಅವರ ಹತ್ತಿರ 28, ನನ್ನ ಹತ್ತಿರ 4 ಮಿಕ್ಕಿತು. ಎರಡೂ ಸೇರಿ 32. ಇದು ಉಳಿತಾಯ, ತಲಾ 16. ಸಾಲದ ಅಸಲು 8 ಈ ಉಳಿತಾಯದಿಂದಲೇ ಹೋಗಬೇಕು. ಮನೆ ಅವರ ಹೆಸರಲ್ಲಿದೆ, ಆದ್ದರಿಂದ ಅದನ್ನು ಅವರ 16ರಲ್ಲಿ ಹಿಡಿದೆವು. ಅವರಿಗೆ ಮನೆಯಾಗಿ 8, ನಗದಾಗಿ 8. ನನ್ನ ಹೆಸರಿನ ಉಳಿತಾಯಕ್ಕೆ 16, ಪೂರ್ತಿ ನಗದು.

ಅವರಿಗೆ ಇದು ಸುಲಭವಾಗಿರಲಿಲ್ಲ. ತಿಂಗಳಿಗೆ 36 ಕೈಯಲ್ಲಿ ಇಟ್ಟುಕೊಂಡು ಅಭ್ಯಾಸವಾದವರು 8ಕ್ಕೆ ಬಂದರು. "ನಾನು ದುಡಿದದ್ದು ನಿನ್ನ ಹೆಸರಿಗೆ ಹೋಗ್ತಿದೆ" ಅಂತ ಒಂದು ಸಲ ಅಂದೂ ಬಿಟ್ಟರು. ಸುಳ್ಳಲ್ಲ, 16ರಲ್ಲಿ 12 ಅವರದೇ ದುಡ್ಡು. ಮಗಳಿಗೆ ಜ್ವರ ಬಂದ ದಿನ ಆಫೀಸಿಗೆ ಯಾರು ರಜೆ ಹಾಕುತ್ತಾರೆ ಅಂತ ಕೇಳಿದೆ. ಉತ್ತರ ಇಬ್ಬರಿಗೂ ಗೊತ್ತಿತ್ತು. ಆ ಮಾತು ಮತ್ತೆ ಬರಲಿಲ್ಲ. ಕೈಖರ್ಚಿನ 8 ಮಾತ್ರ ಅವರಿಗೆ ಇವತ್ತಿಗೂ ಕಡಿಮೆ ಅನಿಸುತ್ತದೆ.

ಒಂದು ತಪ್ಪು ನನ್ನಿಂದಲೂ ಆಯಿತು. ಮೂರನೇ ಖಾತೆ ಶುರುವಿನಲ್ಲಿ ಇಪ್ಪತ್ತನೇ ತಾರೀಕಿಗೇ ಖಾಲಿಯಾಗುತ್ತಿತ್ತು. ನಾನು ಯಾರಿಗೂ ಹೇಳದೆ ನನ್ನ ಉಳಿಕೆಯಿಂದ ದಿನಸಿ ತಂದುಬಿಡುತ್ತಿದ್ದೆ. ಹಳೇ ಅಭ್ಯಾಸ. ಅಂಗಡಿಯಲ್ಲಿ ನಿಲ್ಲುವವರು ನಾವಾದರೆ ಕೊರತೆ ತುಂಬುವವರೂ ನಾವೇ ಆಗುತ್ತೇವೆ. ಎರಡು ತಿಂಗಳ ನಂತರ ಗೊತ್ತಾಯಿತು, ವರ್ಷಕ್ಕೊಮ್ಮೆ ಬರುವ ವಿಮೆ, ಶಾಲೆಯ ಶುಲ್ಕ, ರಿಪೇರಿಗಳನ್ನು ನಾವು 48ರಲ್ಲಿ ಹಿಡಿದೇ ಇರಲಿಲ್ಲ. ಅವನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿದೆವು, ಮನೆಯ ಕೆಲವು ಖರ್ಚು ಕತ್ತರಿಸಿ 48ರಲ್ಲೇ ಕೂರಿಸಿದೆವು. ಈಗ ಖಾತೆ ಖಾಲಿಯಾದರೆ ಇಬ್ಬರೂ ಮತ್ತೆ ಮೂರಕ್ಕೆ ಒಂದರ ಹಾಗೆ ಹಾಕುತ್ತೇವೆ. ಒಬ್ಬರೇ ತುಂಬಬಾರದು ಅನ್ನೋದು ಗಟ್ಟಿ ನಿಯಮ.

ಲೆಕ್ಕದ ನಿಜವಾದ ಪರೀಕ್ಷೆ ಬಂದದ್ದು ಅವರ ಸಂಬಳ ಮೂರು ತಿಂಗಳು 48ಕ್ಕೆ ಇಳಿದಾಗ. ಅವರ ಸಂಬಳದ ಒಂದು ಭಾಗ ಕೆಲಸದ ಗುರಿಗೆ ತಕ್ಕ ಹಾಗೆ ಬರುವಂಥದ್ದು, ಅದು ಬರಲಿಲ್ಲ. ಅನುಪಾತ ಈಗ ಎರಡಕ್ಕೆ ಒಂದು. ಖರ್ಚು ಅಷ್ಟೇ, 48. ಅವರು 32 ಹಾಕಿದರು, ನಾನು 16. ಅವರಿಗೆ ಉಳಿದದ್ದು 16, ನನಗೆ 8. ಕೈಖರ್ಚು ತಲಾ 8 ತೆಗೆದರೆ ಉಳಿತಾಯಕ್ಕೆ ಮಿಕ್ಕಿದ್ದು ಬರೀ 8. ಅದು ಅಸಲಿಗೇ ಸರಿಹೋಯಿತು. ಅಂದರೆ ಆ ತಿಂಗಳುಗಳಲ್ಲಿ ಉಳಿತಾಯವೆಲ್ಲ ಅವರ ಮನೆಗೇ ಹೋಯಿತು, ನನಗೆ ಸೊನ್ನೆ. ಅದರಲ್ಲಿ ನನ್ನ ಅರ್ಧ, ತಿಂಗಳಿಗೆ 4, ಬಾಕಿ ಅಂತ ಬರೆದಿಟ್ಟೆವು. ಮೂರು ತಿಂಗಳಿಗೆ 12. ಸಂಬಳ ಮೊದಲಿನಂತಾದ ಮೇಲೆ ಅವರ ನಗದು ಉಳಿತಾಯದಿಂದ ಅದು ನನ್ನ ಕಡೆ ಬಂತು. ಅನುಪಾತ ಬಿಟ್ಟು 36 ನಿಮ್ಮದು, 12 ನನ್ನದು ಅಂತ ಮೊತ್ತ ಹಿಡಿದು ಕೂತಿದ್ದರೆ ಆ ಮೂರು ತಿಂಗಳು ಅವರಿಗೆ ಕಷ್ಟವಾಗುತ್ತಿತ್ತು. ನನ್ನ ಪಾಲು 12ರಿಂದ 16ಕ್ಕೆ ಏರಿದ್ದಕ್ಕೆ ನನಗೆ ಬೇಜಾರಾಗಲಿಲ್ಲ, ಲೆಕ್ಕದ ದಾರಿ ಇಬ್ಬರಿಗೂ ಮೊದಲೇ ಗೊತ್ತಿತ್ತು.

ಖರ್ಚು ಇನ್ನೂ ಏರಿದ್ದರೆ ಈ ಲೆಕ್ಕ ನಿಲ್ಲುತ್ತಿರಲಿಲ್ಲ. ನನ್ನ ಉಳಿಕೆ 8ಕ್ಕಿಂತ ಕೆಳಗೆ ಹೋದರೆ ಕೈಖರ್ಚನ್ನು ಇಬ್ಬರಿಗೂ ಒಂದೇ ಸಮ ಇಳಿಸಬೇಕು ಅಂತ ಮಾತಾಡಿಟ್ಟಿದ್ದೇವೆ. ಇನ್ನೂ ಹಾಗಾಗಿಲ್ಲ.

ವರ್ಷಕ್ಕೊಮ್ಮೆ ಸಾಲದ ಪಟ್ಟಿ ತೆಗೆದು ಅಂಕಿ ತಿದ್ದುತ್ತೇವೆ. ಕಂತು 20 ಹಾಗೇ ಇದ್ದರೂ ಒಳಗೆ ಬಡ್ಡಿ ಇಳಿಯುತ್ತದೆ, ಅಸಲು ಏರುತ್ತದೆ. ಈ ವರ್ಷ 11 ಮತ್ತು 9. ತಿದ್ದುವಾಗೆಲ್ಲ ಒಂದು ಪ್ರಶ್ನೆ ಬರುತ್ತದೆ. ಮನೆಯ ಬೆಲೆ ಏರಿದರೆ ಆ ಲಾಭ ಯಾರದು? ನಮ್ಮ ಲೆಕ್ಕದಲ್ಲಿ ಅದು ಪೂರ್ತಿ ಅವರದೇ, ಇಳಿದರೆ ನಷ್ಟವೂ ಅವರದೇ. ಆದರೆ ಬಡ್ಡಿಯಲ್ಲಿ ಕಾಲು ಪಾಲು ನಾನೂ ಕಟ್ಟುತ್ತಿದ್ದೇನೆ. ನನ್ನ ಹೆಸರೂ ಸೇರಿಸೋಣ ಅಂತ ಅವರು ಹೇಳುತ್ತಿದ್ದಾರೆ. ಹಾಗೆ ಮಾಡಿದರೆ ನನ್ನ ನಗದು 16ರ ಲೆಕ್ಕ ಮೊದಲಿಂದ ಹಾಕಬೇಕು. ಹೋದ ಭಾನುವಾರ ಅದಕ್ಕೇ ಕೂತಿದ್ದೆವು, ಅರ್ಧಕ್ಕೆ ಬಂದಿದೆ.