ಜುಲೈ 16ಕ್ಕೆ ಏನಾಗುತ್ತದೆ?

ನಮ್ಮ ಕಂಪನಿ ಇರುವುದು ಮಣಿಪಾಲದಲ್ಲಿ. ಸಣ್ಣ ಅಂಗಡಿಯವರಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತೇವೆ. ನಾನು ಸೇರಿದ್ದು ಟೆಸ್ಟಿಂಗಿಗೆ, ಸೇರಿದ ವಾರದಲ್ಲೇ ಟೀಮ್ ಮೀಟಿಂಗ್. ಅವತ್ತಿನ ವಿಷಯ ಆ್ಯಪಿನಲ್ಲಿ ಹೊಸದಾಗಿ ಬರಬೇಕಿದ್ದ ಸಾಲದ ಪುಸ್ತಕ. ನಿಯಮ ಎರಡೇ ಎರಡು. ಗಿರಾಕಿಯ ಅತಿ ಹಳೆಯ ಬಾಕಿ ಬಿಲ್ಲಿಗೆ 30 ದಿನ ಆದರೆ ಅವರ ಮೊಬೈಲಿಗೆ ತಾನಾಗಿಯೇ ಮೆಸೇಜ್ ಹೋಗುತ್ತದೆ. 45 ದಿನ ಆದರೆ ಅವರ ಹೆಸರಿಗೆ ಹೊಸ ಸಾಲದ ಬಿಲ್ ಹಾಕಲು ಆಗುವುದಿಲ್ಲ.

ನೋಡಲು ಏನೂ ತಪ್ಪಿಲ್ಲ. ಟೇಬಲ್ ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಬೆಂಗಳೂರಿನಿಂದ ವಿಡಿಯೋದಲ್ಲಿದ್ದ ಮ್ಯಾನೇಜರ್ ಮುಂದಿನ ಸ್ಲೈಡಿಗೆ ಹೋಗುವವರಿದ್ದರು.

ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು, ಯಾಕೆಂದರೆ ನಮ್ಮಪ್ಪನದ್ದು ಮಲ್ಪೆ ಬಂದರಿನಿಂದ ಸ್ವಲ್ಪ ಒಳಗೆ ಒಂದು ಜೀನಸು ಅಂಗಡಿ, ಅಲ್ಲಿನ ಸಾಲದ ಪುಸ್ತಕವನ್ನು ಹೈಸ್ಕೂಲಿನಿಂದಲೂ ಸಂಜೆ ಹೊತ್ತು ಬರೆಯುತ್ತಿದ್ದವಳು ನಾನೇ. ಉದ್ದದ ಪುಸ್ತಕ, ಮನೆಗೊಂದು ಪುಟ. ಗಿರಾಕಿಗಳಲ್ಲಿ ಬೋಟಿಗೆ ಹೋಗುವವರ ಮನೆಯವರೇ ಜಾಸ್ತಿ. ಅವರಿಗೆ ತಿಂಗಳ ಸಂಬಳ ಅಂತ ಇರುವುದಿಲ್ಲ. ಬೋಟು ವಾಪಸ್ ಬಂದು, ಮೀನು ಮಾರಾಟವಾಗಿ, ಡೀಸೆಲ್ಲು ಐಸು ಎಲ್ಲ ಕಳೆದ ಮೇಲೆ ಪಾಲು ಕೈಗೆ ಬರುತ್ತದೆ. ಬಂದ ದಿನ ಅಂಗಡಿಗೂ ಬರುತ್ತದೆ.

ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಸಮಯ, ಜೊತೆಗೆ ಮಳೆಗಾಲದ ಕಡಲು. ಬೋಟೆಲ್ಲ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಮನೆಯಲ್ಲಿ ಅಕ್ಕಿ ಬೇಯುವುದು ನಿಲ್ಲುತ್ತದಾ? ಇಲ್ಲ. ಆ ಎರಡು ತಿಂಗಳು ಅಂಗಡಿ ನಡೆಯುವುದೇ ಪುಸ್ತಕದ ಮೇಲೆ.

ಇದನ್ನೆಲ್ಲ ಹೇಳಬೇಕು ಅಂತ ಉಂಟು, ಹೇಗೆ ಶುರು ಮಾಡುವುದು ಗೊತ್ತಿಲ್ಲ. "ನನಗೆ ಅನಿಸುತ್ತದೆ ಇದು ಸರಿ ಇಲ್ಲ" ಅಂದರೆ ಹೊಸ ಹುಡುಗಿಯ ಅಭಿಪ್ರಾಯ ಆಗುತ್ತದೆ, ಅಷ್ಟೇ, "ಒಳ್ಳೆ ಪಾಯಿಂಟ್, ಆಮೇಲೆ ನೋಡೋಣ" ಅಂದು ಮುಂದೆ ಹೋಗುತ್ತಾರೆ. ನಾನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ನಮ್ಮ ಪುಸ್ತಕದ ಒಂದು ಪುಟದ ಹಾಗೆ ಲೆಕ್ಕ ಬರೆದೆ. ಕೈ ಲೆಕ್ಕ ಮಾಡುತ್ತಿರುವಾಗ ಹೆದರಿಕೆ ಸ್ವಲ್ಪ ಕಮ್ಮಿಯಾಯಿತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಜೂನ್ 1ಕ್ಕೆ ಸಾಲ ಶುರುವಾದರೆ ಜುಲೈ 16ಕ್ಕೆ ಏನಾಗುತ್ತದೆ?"

ಸ್ವರ ಬಂತು. ಜೋರಾಗಿಯೇ ಬಂತು. ಅಂಗಡಿಯಲ್ಲಿ ಮಳೆಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸ ಇರುವುದರಿಂದಲೋ ಏನೋ.

"45 ದಿನ ಆಗುತ್ತದೆ, ಬ್ಲಾಕ್ ಆಗುತ್ತದೆ" ಅಂದರು ಟೀಮ್ ಲೀಡ್. "ಯಾಕೆ?"

ಎದ್ದು ಬೋರ್ಡಿನ ಮೇಲೆ ಬರೆದೆ. ಒಂದು ಮನೆ. ಮೇ ಕೊನೆಗೆ ಹಳೆಯದೆಲ್ಲ ಚುಕ್ತಾ. ಜೂನ್ ತಿಂಗಳಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಚಹಾಪುಡಿ, ಸೋಪು ಎಲ್ಲ ಸೇರಿ 2,800 ರೂಪಾಯಿ. ಜುಲೈಯಲ್ಲಿ 3,000. ನಡುವೆ ಗಂಡಸು ಬಲೆ ರಿಪೇರಿ ಕೆಲಸಕ್ಕೆ ಹೋಗಿ 500 ತಂದುಕೊಟ್ಟ. ನಮ್ಮ ಆ್ಯಪ್ ಆ 500ನ್ನು ಹಳೆಯ ಬಿಲ್ಲುಗಳಿಗೆ ಮೊದಲು ಹಾಕುತ್ತದೆ. ದಿನಕ್ಕೆ ಸುಮಾರು 93 ರೂಪಾಯಿ ಲೆಕ್ಕದಲ್ಲಿ ಅದು ಐದು ದಿನದ ಬಿಲ್ಲನ್ನಷ್ಟೇ ತೀರಿಸಿತು. ಅಂದರೆ ದುಡ್ಡಿಲ್ಲದ ಕಾಲದಲ್ಲೂ 500 ತಂದುಕೊಟ್ಟ ಮನುಷ್ಯನಿಗೆ ಬ್ಲಾಕ್ ಆಗುವುದು ಜುಲೈ 16ರ ಬದಲು 21ಕ್ಕೆ. ಬೋಟು ಇಳಿಯಲು ಇನ್ನೂ ಹನ್ನೊಂದು ದಿನ ಉಂಟು. ಇಳಿದ ಮೇಲೂ ಪಾಲು ಬರುವುದು ಬೋಟು ತಿರುಗಿ ಬಂದ ಮೇಲೆ.

"ಇದು ಎಡ್ಜ್ ಕೇಸ್ ಅಲ್ವಾ, ಎಲ್ಲೋ ಅಪರೂಪಕ್ಕೆ ಆಗುವಂಥದ್ದು?" ಅಂದರು ಬೆಂಗಳೂರಿನವರು. ಅವರು ಕೆಟ್ಟದಾಗಿ ಕೇಳಲಿಲ್ಲ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಶುರು ಮಾಡಿ ಅರ್ಧಕ್ಕೆ ಕನ್ನಡಕ್ಕೆ ಬಂದೆ. "ಸರ್, ಬಂದರಿನ ಹತ್ತಿರದ ಅಂಗಡಿಗೆ ಇದು ಅರ್ಧ ಪುಸ್ತಕ. ಬ್ಲಾಕ್ ಆದರೆ ಗಿರಾಕಿ ಆಗಸ್ಟಿನಲ್ಲಿ ದುಡ್ಡು ಹಿಡಿದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹಳೆ ಬಾಕಿ ಕೊಡಲಿಕ್ಕೂ ಈ ಕಡೆ ಬರುವುದಿಲ್ಲ."

ಹಾಗಾದರೆ ಸಾಲ ಮುಳುಗುವುದು ಅಂಗಡಿಯವರಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅಂತ ಟೀಮ್ ಲೀಡ್ ಕೇಳಿದರು. ಅದು ಸರಿಯಾದ ಪ್ರಶ್ನೆ. ಅಪ್ಪ ಬಾಕಿ ಎಷ್ಟು ಹಳೆಯದು ಅಂತ ನೋಡುವುದೇ ಕಮ್ಮಿ. ಅವರು ನೋಡುವುದು ಗಿರಾಕಿ ಬರುತ್ತಿದ್ದಾರಾ ಅಂತ. ಐದು ಸಾವಿರ ಬಾಕಿ ಇದ್ದು ದಿನಾ ಬಂದು ಇನ್ನೂರು ಗ್ರಾಂ ಸಕ್ಕರೆ ಬರೆಸುವವರ ಬಗ್ಗೆ ಅವರಿಗೆ ಚಿಂತೆ ಇಲ್ಲ. ಆರುನೂರು ಬಾಕಿ ಇಟ್ಟು ರಸ್ತೆಯ ಆ ಬದಿಯಿಂದ ನಡೆಯಲು ಶುರು ಮಾಡಿದವರ ಪುಟಕ್ಕೆ ಮೂಲೆ ಮಡಚುತ್ತಾರೆ. ಬಾಕಿ ಇದೆ, ವ್ಯಾಪಾರ ನಿಂತಿದೆ. ಅದೇ ಗುರುತು.

ಇದನ್ನು ಆ್ಯಪಿನಲ್ಲಿ ಹಿಡಿಯುವುದು ಕಷ್ಟವೇ ಅಲ್ಲ. ಪ್ರತಿ ಗಿರಾಕಿಗೆ ಕೊನೆಯ ಖರೀದಿಯ ತಾರೀಕು, ಕೊನೆಯ ಪಾವತಿಯ ತಾರೀಕು ಎರಡೂ ಮೊದಲೇ ಸೇವ್ ಆಗುತ್ತಿತ್ತು, ಯಾರೂ ಬಳಸಿರಲಿಲ್ಲ. ಬಾಕಿ ಇದ್ದು ಎರಡೂ ತಾರೀಕು ಹಳೆಯದಾಗಿದ್ದರೆ ಆ ಹೆಸರು ಅಂಗಡಿಯವರ ಪರದೆಯಲ್ಲಿ ಮೇಲೆ ಬರಲಿ, ಮೆಸೇಜ್ ಕಳಿಸಬೇಕಾ ಬೇಡವಾ ಅಂತ ಅವರೇ ನೋಡಿಕೊಳ್ಳಲಿ ಅಂದೆ. ನಿಂತು ಮಾತಾಡುತ್ತಿದ್ದೇನೆ ಅನ್ನುವುದು ಆಗಲೇ ಗಮನಕ್ಕೆ ಬಂದದ್ದು. ಕೂತೆ.

ಎಲ್ಲವೂ ನಾನು ಹೇಳಿದ ಹಾಗೆ ಆಗಲಿಲ್ಲ. 30 ದಿನದ ಮೆಸೇಜ್ ಉಳಿಯಿತು, ಮಣಿಪಾಲದಂಥ ಕಡೆ ತಿಂಗಳ ಸಂಬಳದ ಗಿರಾಕಿಗಳಿಗೆ ಅದು ಸರಿಯೇ, ಅವರು ಮರೆತಿರುತ್ತಾರೆ ಅಷ್ಟೇ. ಆದರೆ ಅದು ತಾನಾಗಿ ಹೋಗುವುದಿಲ್ಲ, ಅಂಗಡಿಯವರು ಒತ್ತಿದರೆ ಮಾತ್ರ ಹೋಗುತ್ತದೆ. 45 ದಿನದ ಬ್ಲಾಕ್ ತೆಗೆದು ಬರೀ ಹಳದಿ ಎಚ್ಚರಿಕೆ ಮಾಡಿದರು. "ಈ ಗಿರಾಕಿಗೆ ಇಂಥ ತಾರೀಕಿನವರೆಗೆ ಬಿಡುವು" ಅನ್ನುವ ಆಯ್ಕೆ ಈ ಸಲ ಬೇಡ, ಕೆಲಸ ಜಾಸ್ತಿ ಅಂದರು. ನನಗೆ ಅದೇ ಮುಖ್ಯ ಅನಿಸಿತ್ತು. ಈಗಲೂ ಅನಿಸುತ್ತದೆ.

ವ್ಯಾಪಾರ ನಿಂತಿದೆ ಅನ್ನಲು ಎಷ್ಟು ದಿನ ಕಾಯಬೇಕು ಅನ್ನುವುದನ್ನು ತಿಳಿದುಕೊಂಡು ಬರುವ ಕೆಲಸ ನನಗೇ ಬಂತು. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. "ಅದು ಮನೆ ನೋಡಿ ಮಾರಾಯ್ತಿ" ಅಂದರು. "ದಿನಾ ಬರುವವರು ನಾಲ್ಕು ದಿನ ಬರದಿದ್ದರೆ ನಾನು ಕೇಳ್ತೇನೆ. ವಾರಕ್ಕೊಮ್ಮೆ ಬರುವವರು ಮೂರು ವಾರ ಬರದಿದ್ದರೆ ಕೇಳ್ತೇನೆ. ಎಲ್ಲರಿಗೂ ಒಂದೇ ಲೆಕ್ಕ ಹೇಗೆ ಆಗ್ತದೆ?" ಅಂದರೆ ಒಂದೇ ಸಂಖ್ಯೆ ಸಾಲದು, ಆ ಗಿರಾಕಿ ಸಾಮಾನ್ಯವಾಗಿ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಅಂತ ಮೊದಲು ಲೆಕ್ಕ ಹಾಕಿ, ಅದರ ಮೂರು ಪಟ್ಟು ದಾಟಿದರೆ ಹೆಸರು ಮೇಲೆ ತರಬೇಕು. ದಿನಾ ಬರುವವರಿಗೆ ಅಪ್ಪನ ನಾಲ್ಕು ದಿನಕ್ಕೂ ಹತ್ತಿರವೇ ಆಗುತ್ತದೆ. ಮೂರು ಪಟ್ಟು ಸರಿಯಾ ಅಂತ ಈಗ ಮೂರು ಅಂಗಡಿಗಳ ಹಳೆಯ ಲೆಕ್ಕದ ಮೇಲೆ ಓಡಿಸಿ ನೋಡುತ್ತಿದ್ದೇನೆ. ಮೊದಲ ತೊಡಕು ಸಿಕ್ಕಿಯಾಗಿದೆ: ಮಗಳ ಬಾಣಂತನಕ್ಕೆ ಅಂತ ಮುಂಬೈಗೆ ಹೋದ ಅಮ್ಮನೊಬ್ಬರು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದು ಕೂತಿದ್ದಾರೆ.