ತಾರಸಿಗೆ ಎಷ್ಟು ಬೋರ್ಡು? ಬಳ್ಳಾರಿಯ ಮನೆಯೊಂದರ ಲೆಕ್ಕ

ಬಳ್ಳಾರಿಯ ನಮ್ಮ ಮನೆಯ ತಾರಸಿಗೆ ಶಾಖ ತಡೆಯುವ ಎಕ್ಸ್‌ಪಿಎಸ್ ಬೋರ್ಡು ಹಾಸಲು ಹೊರಟಾಗ ನಾನು ಮೊದಲು ಮಾಡಿದ್ದು ಬರೀ ವಿಸ್ತೀರ್ಣದ ಲೆಕ್ಕ. ಪ್ಯಾರಪೆಟ್ ಗೋಡೆಗಳ ಒಳಗೆ ತಾರಸಿಯ ಅಳತೆ 9.20 ಮೀಟರ್ ಉದ್ದ, 6.40 ಮೀಟರ್ ಅಗಲ. ಬೋರ್ಡು 125 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಭಾಗಿಸಿದರೆ ಸುಮಾರು 79 ಬಂದಿದ್ದರಿಂದ, 8 ಬೋರ್ಡಿನ 10 ಕಟ್ಟುಗಳನ್ನು ತರಿಸಿದೆ. ಕೆಲಸ ಮುಗಿಯುವಷ್ಟರಲ್ಲಿ ಇನ್ನೂ 2 ಕಟ್ಟು ಬೇಕಾದವು.

ಮೊದಲ ತಪ್ಪು ಕೂಡುಗೆಯಲ್ಲಿತ್ತು. ಈ ಬೋರ್ಡುಗಳ ಅಂಚನ್ನು ಮೆಟ್ಟಿಲಿನಂತೆ ಕಡಿದಿರುವುದರಿಂದ ಒಂದರ ತುಟಿ ಇನ್ನೊಂದರ ಮೇಲೆ ಕೂರುತ್ತದೆ. ಎರಡನ್ನು ಕೂಡಿಸಿ ಅಳೆದಾಗ 250ರ ಬದಲು 248.5 ಸೆಂ.ಮೀ. ಬಂದಿತು, ಅಂದರೆ ಪ್ರತಿ ಬೋರ್ಡು ನಿಜವಾಗಿ ಮುಚ್ಚುವುದು 123.5 ಮತ್ತು 58.5 ಸೆಂ.ಮೀ. ಮಾತ್ರ. ತುಟಿಯ ಅಗಲ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಇದನ್ನು ಅಂಗಡಿಯಲ್ಲೇ ಕೂಡಿಸಿ ಅಳೆಯುವುದು ಒಳ್ಳೆಯದು.

ಆಮೇಲೆ ಸಾಲುಗಳನ್ನು ಎಣಿಸಿದೆ. ಜಲನಿರೋಧಕ ಪದರಕ್ಕಾಗಿ ಗೋಡೆಯ ಬುಡದ ಸುತ್ತ ಗಾರೆಯಿಂದ ಮಾಡಿದ ಓರೆ ಅಂಚು 7.5 ಸೆಂ.ಮೀ. ಇದ್ದುದರಿಂದ ಹಾಸುವ ಜಾಗ 9.05 ಮತ್ತು 6.25 ಮೀಟರಿಗೆ ಇಳಿಯಿತು. ಅಗಲಕ್ಕೆ 10 ಪೂರ್ಣ ಸಾಲು ಹಾಸಿದ ಮೇಲೆ 40 ಸೆಂ.ಮೀ. ಉಳಿಯುತ್ತದೆ, ಅದಕ್ಕೆ ಹನ್ನೊಂದನೆಯ ಸಾಲನ್ನು ಉದ್ದಕ್ಕೆ ಸೀಳಲೇಬೇಕು. ಉದ್ದಕ್ಕೆ 7 ಪೂರ್ಣ ಬೋರ್ಡು, ಕೊನೆಗೆ 40.5 ಸೆಂ.ಮೀ. ತುಂಡು. ಆ ತುಂಡು ಕತ್ತರಿಸಿ ಉಳಿದ 83 ಸೆಂ.ಮೀ. ಭಾಗದಿಂದಲೇ ಮುಂದಿನ ಸಾಲನ್ನು ಆರಂಭಿಸಿದರೆ ಕೂಡುಗೆಗಳು ಒಂದರ ಪಕ್ಕ ಒಂದು ಬರುವುದಿಲ್ಲ. ಕತ್ತರಿಸಿದ ಬದಿ ಗೋಡೆಯ ಕಡೆಗೂ ತುಟಿಯಿರುವ ಬದಿ ಒಳಗೂ ಇರುವಂತೆ ತುಂಡನ್ನು ತಿರುಗಿಸದೆ ಇಡಬೇಕು. ಮೇಸ್ತ್ರಿ ಇದನ್ನು ಎರಡು ಸಲ ಮರೆತದ್ದರಿಂದ ಎರಡು ಬೋರ್ಡು ಹಾಳಾದವು. ಹೀಗೆ ಪ್ರತಿ ಮೂರು ಸಾಲಿಗೆ 8, 7, 7 ಬೋರ್ಡು ಬೇಕಾಗಿ, 11 ಸಾಲಿಗೆ ಒಟ್ಟು 81 ಆದವು.

ನಾನು ಪೂರ್ತಿ ಮರೆತದ್ದು ಪ್ಯಾರಪೆಟ್ಟನ್ನು. ಬಿಸಿಲಿಗೆ ಕಾದ ಗೋಡೆಯ ಬುಡದಿಂದ ಶಾಖ ನೇರವಾಗಿ ಚಾವಣಿಗೆ ಇಳಿಯುವುದರಿಂದ, ಗೋಡೆಯ ಒಳಮೈಗೆ 30 ಸೆಂ.ಮೀ. ಎತ್ತರಕ್ಕೆ ಬೋರ್ಡು ನಿಲ್ಲಿಸಬೇಕು. ಸುತ್ತಳತೆ 31.2 ಮೀಟರ್. ಒಂದು ಬೋರ್ಡನ್ನು ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ. 26 ಪಟ್ಟಿಗೆ 13 ಬೋರ್ಡು. ಹನ್ನೊಂದನೆಯ ಸಾಲಿನಿಂದ ಉಳಿದ ಪಟ್ಟಿಗಳು ಎತ್ತರಕ್ಕೆ ಸಾಲದೆ ಪೈಪುಗಳ ಸುತ್ತ ತುಂಬಲು ಮಾತ್ರ ಬಂದವು. ಒಟ್ಟು 94; ತಿರುಗಿ ಕೂತ ಆ ಎರಡನ್ನೂ ಸೇರಿಸಿ ಸರಿಯಾಗಿ 96, ಅಂದರೆ 12 ಕಟ್ಟು.

ಕೊರತೆ ಬಿದ್ದ 2 ಕಟ್ಟುಗಳನ್ನು ಬೇರೆ ಅಂಗಡಿಯಿಂದ ತಂದಾಗ ತುಟಿಯ ಅಳತೆ ಹೊಂದಲಿಲ್ಲ. ಹಾಸಿನ ಕೊನೆಯ ಸಾಲಿನಲ್ಲಿ ಬೆರಳು ತೂರುವಷ್ಟು ಸಂದುಗಳು ಉಳಿದವು; ಅವನ್ನು ಫೋಮ್‌ನಿಂದ ತುಂಬಿ, ಗಟ್ಟಿಯಾದ ಮೇಲೆ ಬೋರ್ಡಿನ ಮಟ್ಟಕ್ಕೆ ಕತ್ತರಿಸಿದ ನಂತರವೇ ಮೇಲಿನ ಕಾಂಕ್ರೀಟ್ ಹಾಕಿಸಿದೆವು.